ಡ್ರಮ್ಮಿನಲ್ಲಿ ನಿಂತ ನೀರು: ರಿಪೇರಿ ಕೆಲಸ ಕಲಿಸಿದ ಪಾಠಗಳು

ಬೆಂಗಳೂರಿನ ಮನೆಗಳಲ್ಲಿ ವಾಷಿಂಗ್ ಮೆಷಿನ್ ರಿಪೇರಿ ಮಾಡುವುದು ನನ್ನ ಕಸುಬು. ಫ್ರಂಟ್ ಲೋಡ್ ಮೆಷಿನ್ ಇರುವವರು ಫೋನಿನಲ್ಲಿ ಹೆಚ್ಚಾಗಿ ಹೇಳುವುದು ಒಂದೇ ಮಾತು: "ಬಟ್ಟೆ ನೀರಲ್ಲೇ ನಿಂತಿದೆ, ಬಾಗಿಲೂ ತೆಗೆಯೋಕೆ ಬರ್ತಿಲ್ಲ." ಪಂಪ್ ಸುಟ್ಟಿದೆ, ಬೋರ್ಡ್ ಹೋಗಿದೆ ಎಂದು ಆಗಲೇ ಯಾರೋ ಹೆದರಿಸಿರುತ್ತಾರೆ. ಹೋಗಿ ನೋಡಿದರೆ ಬಹುಪಾಲು ಮನೆಗಳಲ್ಲಿ ಎರಡೂ ಕೆಟ್ಟಿರುವುದಿಲ್ಲ. ನೀರು ಹೊರಹೋಗುವ ದಾರಿಯಲ್ಲಿ ಎಲ್ಲೋ ತಡೆಯಿರುತ್ತದೆ, ಅಷ್ಟೇ. ಆ ದಾರಿ ಉದ್ದವೇನಲ್ಲ. ಡ್ರಮ್ಮಿನ ಸುತ್ತ ಇರುವ ಟಬ್ಬಿನ ತಳದಿಂದ ಒಂದು ದಪ್ಪ ರಬ್ಬರ್ ಪೈಪ್, ಅದರ ತುದಿಗೆ ಫಿಲ್ಟರ್, ಫಿಲ್ಟರಿನ ಹಿಂದೆ ಪುಟ್ಟ ಪಂಪ್, ಅಲ್ಲಿಂದ ಮೆಷಿನ್ನಿನ ಬೆನ್ನ ಹಿಂದೆ ಹೋಗುವ ಸುರುಳಿ ಮೈಯ ಬೂದು ಪೈಪ್, ಕೊನೆಗೆ ಗೋಡೆಯ ಔಟ್‌ಲೆಟ್. ಈ ದಾರಿಯನ್ನು ತುದಿಯಿಂದ ತುದಿಯವರೆಗೆ ನೋಡದೆ ಯಾವ ಪಾರ್ಟನ್ನೂ ಬದಲಿಸಬಾರದು.

1. ಬಿಚ್ಚುವ ಮೊದಲು ಸದ್ದು ಕೇಳಿ

ಪರದೆಯ ಮೇಲೆ OE, E18, 5C ಹೀಗೆ ಮೆಷಿನ್ನಿಗೊಂದು ಕೋಡ್ ಬರುತ್ತದೆ. ಹೇಳಿದ ಹೊತ್ತಿಗೆ ನೀರು ಖಾಲಿಯಾಗಲಿಲ್ಲ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. ಯಾಕೆ ಆಗಲಿಲ್ಲ ಎಂಬುದು ಗೊತ್ತಾಗುವುದು ಸದ್ದಿನಿಂದ. ಸ್ಪಿನ್ ಅಥವಾ ಡ್ರೈನ್ ಮಾತ್ರ ಹಾಕಿ, ಮೆಷಿನ್ನಿನ ಕೆಳಭಾಗದ ಹತ್ತಿರ ಕಿವಿಯಿಟ್ಟು ನಿಲ್ಲಿ.

ಪಂಪ್ ಗುಂಯ್ ಎಂದು ಒಂದೇ ಸಮ ಗುನುಗುತ್ತಾ ತಿರುಗಲಾರದೆ ಒದ್ದಾಡುತ್ತಿದ್ದರೆ ಒಳಗಿನ ಫ್ಯಾನಿಗೆ ಏನೋ ಸಿಕ್ಕಿಕೊಂಡಿದೆ. ಕಟಕಟ ಸದ್ದಾದರೆ ನಾಣ್ಯವೋ ಗುಂಡಿಯೋ ಫ್ಯಾನಿಗೆ ಬಡಿಯುತ್ತಿದೆ. ಪಂಪ್ ಹಗುರವಾಗಿ, ಆರಾಮಾಗಿ ತಿರುಗುತ್ತಿದ್ದೂ ನೀರು ಹೋಗದಿದ್ದರೆ, ಒಂದೋ ಪಂಪಿನ ತನಕ ನೀರು ಬರುತ್ತಿಲ್ಲ, ಇಲ್ಲವೇ ಪಂಪಿನಾಚೆಗೆ ದಾರಿ ಮುಚ್ಚಿದೆ. ಏನೂ ಸದ್ದಿಲ್ಲದಿದ್ದರೆ ಮಾತ್ರ ಕರೆಂಟಿನ ಕಡೆಯ ತೊಂದರೆ ಇರಬಹುದು. ಈ ಕೊನೆಯ ಸಂದರ್ಭದಲ್ಲಿ ಮನೆಯವರು ಮುಂದೆ ಕೈಹಾಕದಿರುವುದೇ ಒಳ್ಳೆಯದು.

2. ಫಿಲ್ಟರ್ ತಿರುಗಿಸುವ ಮೊದಲು ನೀರು ಇಳಿಸಿ

ಮುಂಭಾಗದಲ್ಲಿ ಕೆಳಗಿರುವ ಸಣ್ಣ ಮುಚ್ಚಳ ತೆಗೆದು ಫಿಲ್ಟರನ್ನು ನೇರವಾಗಿ ತಿರುಗಿಸಿದರೆ ಡ್ರಮ್ಮಿನಲ್ಲಿರುವ ನೀರೆಲ್ಲ ಒಮ್ಮೆಗೇ ನೆಲಕ್ಕೆ ಬರುತ್ತದೆ. ಅದು ಹತ್ತು ಲೀಟರಿಗೂ ಮೀರಿರಬಹುದು. ಪಕ್ಕದಲ್ಲೇ ಸ್ವಿಚ್ ಬೋರ್ಡ್, ಎಕ್ಸ್‌ಟೆನ್ಷನ್ ಇದ್ದರೆ ಅಪಾಯ. ಹಾಗಾಗಿ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಪಕ್ಕಕ್ಕಿಡಿ. ನಲ್ಲಿಯನ್ನೂ ಮುಚ್ಚಿ. 60 ಅಥವಾ 90 ಡಿಗ್ರಿಯ ವಾಶ್ ಹಾಕಿದ್ದರೆ ನೀರು ಆರುವ ತನಕ ಕಾಯಿರಿ. ಒಳಗಿನ ನೀರು ಬೇಗ ತಣ್ಣಗಾಗುವುದಿಲ್ಲ, ಕೈ ಸುಡುತ್ತದೆ.

ಹಲವು ಮೆಷಿನ್‌ಗಳಲ್ಲಿ ಫಿಲ್ಟರಿನ ಪಕ್ಕದಲ್ಲೇ ಬೆರಳು ದಪ್ಪದ ಒಂದು ಸಣ್ಣ ರಬ್ಬರ್ ಪೈಪ್ ಇರುತ್ತದೆ. ವರ್ಷಗಟ್ಟಲೆ ಮೆಷಿನ್ ಬಳಸಿದವರೂ ಅದನ್ನು ನೋಡಿರುವುದಿಲ್ಲ. ಅದನ್ನು ಹೊರಗೆಳೆದು ಅಗಲದ ತಟ್ಟೆಯ ಮೇಲೆ ಹಿಡಿದು ತುದಿಯ ಬಿರಡೆ ತೆಗೆಯಿರಿ. ತಟ್ಟೆ ತುಂಬಿದಾಗ ಬಿರಡೆ ಹಾಕಿ, ನೀರು ಚೆಲ್ಲಿ, ಮತ್ತೆ ಹಿಡಿಯಿರಿ. ಬೇಸರದ ಕೆಲಸವೇ ಸರಿ, ಆದರೆ ನೆಲ ಒಣಗಿರುತ್ತದೆ. ಈ ಪೈಪ್ ಇಲ್ಲದ ಮೆಷಿನ್ನಿನಲ್ಲಿ ಕೆಳಗೆ ಹಳೇ ಟವೆಲ್ ಹಾಸಿ ಫಿಲ್ಟರನ್ನು ಕಾಲು ಸುತ್ತು ಮಾತ್ರ ಎಡಕ್ಕೆ ತಿರುಗಿಸಿ. ನೀರು ಸಣ್ಣಗೆ ಒಸರುತ್ತದೆ, ಬೇಕೆಂದಾಗ ಬಿಗಿದು ನಿಲ್ಲಿಸಬಹುದು.

3. ಫಿಲ್ಟರ್ ತೊಳೆದರೆ ಸಾಲದು, ಅದರ ಗೂಡಿನೊಳಗೆ ನೋಡಿ

ಫಿಲ್ಟರ್ ಹೊರಬಂದಾಗ ಅದಕ್ಕೆ ಬೂದು ಬಣ್ಣದ, ಲೋಳೆಯಂಥ ಜುಂಗು ಮೆತ್ತಿಕೊಂಡಿರುತ್ತದೆ. ಬಟ್ಟೆಯ ನವಿರು ಎಳೆ, ಕೂದಲು, ಕರಗದ ಸೋಪಿನ ಪುಡಿ ಎಲ್ಲ ಸೇರಿ ಆದದ್ದು ಅದು. ಅದರೊಳಗೆ ಪಿನ್ನು, ನಾಣ್ಯ, ರಬ್ಬರ್ ಬ್ಯಾಂಡ್, ಬ್ರಾದ ತಂತಿ, ಜೇಬಿನಲ್ಲೇ ಉಳಿದ ಬಸ್ ಟಿಕೆಟ್ಟಿನ ಮುದ್ದೆ. ಎಲ್ಲರೂ ಅದನ್ನು ನಲ್ಲಿಯ ಕೆಳಗೆ ತೊಳೆದು ಮತ್ತೆ ಹಾಕಿಬಿಡುತ್ತಾರೆ. ತೊಂದರೆ ಉಳಿದುಕೊಳ್ಳುವುದು ಇಲ್ಲೇ.

ಫಿಲ್ಟರ್ ಕೂತಿದ್ದ ಗೂಡಿನೊಳಗೆ ಮೊಬೈಲಿನ ಟಾರ್ಚ್ ಬಿಡಿ. ಕೊನೆಯಲ್ಲಿ ಸಣ್ಣ ಪ್ಲಾಸ್ಟಿಕ್ ಫ್ಯಾನ್ ಕಾಣುತ್ತದೆ. ಪ್ಲಗ್ ಕಿತ್ತಿರುವುದನ್ನು ಮತ್ತೊಮ್ಮೆ ಖಾತ್ರಿ ಮಾಡಿಕೊಂಡು ಅದನ್ನು ಬೆರಳಿನಿಂದಲೋ ಚಮಚದ ಹಿಡಿಯಿಂದಲೋ ತಿರುಗಿಸಿ. ಅದು ನುಣ್ಣಗೆ ತಿರುಗದೆ ತಡೆತಡೆದು, ಹೆಜ್ಜೆ ಹೆಜ್ಜೆಯಾಗಿ ಹೊರಳುತ್ತದೆ. ಇದನ್ನು ಕಂಡು ಪಂಪ್ ಜಾಮ್ ಆಗಿದೆ ಎಂದುಕೊಳ್ಳುವವರು ಬಹಳ. ಮೋಟಾರಿನೊಳಗಿನ ಅಯಸ್ಕಾಂತ ಹಾಗೆ ಎಳೆದು ಹಿಡಿಯುತ್ತದೆ, ಅದು ಸಹಜ. ಸ್ವಲ್ಪ ಅಲುಗಾಡುವುದೂ ಸಹಜ. ಒಂದು ಕಡೆ ಪೂರ್ತಿ ನಿಂತುಹೋದರೆ ಅಥವಾ ಎಳೆದಷ್ಟೂ ದಾರ ಬಂದರೆ ಮಾತ್ರ ಅಡಚಣೆಯಿದೆ ಎಂದರ್ಥ. ಸೀರೆಯ ಕುಚ್ಚಿನ ದಾರ, ಉದ್ದ ಕೂದಲು ಫ್ಯಾನಿನ ಬುಡಕ್ಕೆ ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಚಿಮ್ಮಟದಿಂದ ನಿಧಾನವಾಗಿ ಬಿಡಿಸಿ ತೆಗೆಯಬೇಕು. ಜೋರಾಗಿ ಎಳೆದರೆ ಫ್ಯಾನಿನ ರೆಕ್ಕೆ ಮುರಿಯುತ್ತದೆ.

4. ಒಂದು ತಡೆ ಸಿಕ್ಕಿತೆಂದು ನಿಲ್ಲಿಸಬೇಡಿ

ಬಸವೇಶ್ವರನಗರದ ಎರಡನೇ ಮಹಡಿಯ ಮನೆಯೊಂದರ ವಿಷಯ ಹೇಳುತ್ತೇನೆ. ದೀಪಾವಳಿಗೆ ಸುಣ್ಣಬಣ್ಣ ಮಾಡಿಸಿದ ಮೇಲೆ ನೀರು ನಿಲ್ಲತೊಡಗಿತ್ತು. ಆ ಮನೆಯ ಅಮ್ಮ ಚುರುಕಿನವರು, ಫಿಲ್ಟರನ್ನು ತಾವೇ ತೆಗೆದು ತೊಳೆದಿದ್ದರು. ನಾಲ್ಕು ಬಟ್ಟೆ ಹಾಕಿದಾಗ ನೀರು ಹೋಯಿತು. ಬೆಡ್‌ಶೀಟ್ ಹಾಕಿದ ದಿನ ಮತ್ತೆ ನಿಂತಿತು. "ಫಿಲ್ಟರ್ ಕ್ಲೀನಾಗೇ ಇದೆಯಪ್ಪಾ, ಪಂಪೇ ಹೋಗಿರಬೇಕು, ಹೊಸದು ಹಾಕಿಬಿಡು" ಅಂದರು.

"ತಡೀರಿ ಅಮ್ಮಾ, ಮೊದಲು ಒಂದು ಬಕೆಟ್ ಕೊಡಿ" ಎಂದೆ. ಗೋಡೆಯ ಔಟ್‌ಲೆಟ್ಟಿನಿಂದ ಡ್ರೈನ್ ಪೈಪಿನ ತುದಿ ತೆಗೆದು ಬಕೆಟ್ಟಿಗೆ ಹಿಡಿದು ಡ್ರೈನ್ ಹಾಕಿದೆ. ಪಂಪ್ ಒಳ್ಳೆಯದಿದ್ದು ದಾರಿ ಬಿಡುವಾಗಿದ್ದರೆ ಹತ್ತು ಲೀಟರ್ ಬಕೆಟ್ ಒಂದು ನಿಮಿಷದೊಳಗೆ ತುಂಬಬೇಕು. ಇಲ್ಲಿ ಪೆನ್ಸಿಲ್ ದಪ್ಪದ ಧಾರೆ ಮಾತ್ರ ಬರುತ್ತಿತ್ತು. ಪಂಪಿನ ಸದ್ದು ಮಾತ್ರ ಹಗುರವಾಗಿತ್ತು. ಅದು ನಡೆಯುತ್ತಿರುವಾಗಲೇ ಅವರ ಮಗನೂ ನಾನೂ ಸೇರಿ ಮೆಷಿನ್ನನ್ನು ಒಂದು ಗೇಣು ಮುಂದಕ್ಕೆ ಸರಿಸಿದೆವು. ಧಾರೆ ತಟ್ಟನೆ ದಪ್ಪವಾಗಿ ಬಕೆಟ್ಟಿಗೆ ಹಾರಿ ಬಿತ್ತು.

ಬಣ್ಣ ಹೊಡೆಯುವವರು ಮೆಷಿನ್ ಎಳೆದು, ಕೆಲಸ ಮುಗಿದ ಮೇಲೆ ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಮೆಷಿನ್ನಿನ ಹಿಂದಿನ ಅಂಚಿಗೂ ಗೋಡೆಗೂ ನಡುವೆ ಪೈಪ್ ಮಡಚಿಕೊಂಡಿತ್ತು. ಪೂರ್ತಿ ಮುಚ್ಚಿರಲಿಲ್ಲ, ಅದರಿಂದಲೇ ಪತ್ತೆ ಹಚ್ಚುವುದು ಕಷ್ಟವಾದದ್ದು. ನೀರು ಕಡಿಮೆಯಿದ್ದಾಗ ಮೆಷಿನ್ ಕೊಟ್ಟ ಹೊತ್ತಿನೊಳಗೆ ಹೇಗೋ ಖಾಲಿಯಾಗುತ್ತಿತ್ತು, ಹೆಚ್ಚಿದ್ದಾಗ ಆಗುತ್ತಿರಲಿಲ್ಲ. ಹರಿವು ಮಂದವಾದದ್ದರಿಂದ ಜುಂಗೂ ಹೊರಗೆ ಹೋಗದೆ ಪೈಪಿನ ಸುರುಳಿಗಳಲ್ಲೇ ಕೂರತೊಡಗಿತ್ತು. ಪೈಪ್ ಕಳಚಿ ನಲ್ಲಿಯ ನೀರು ಜೋರಾಗಿ ಬಿಟ್ಟಾಗ ಮಡಿಕೆಯ ಜಾಗದಿಂದ ಹೆಬ್ಬೆರಳು ಗಾತ್ರದ ಜುಂಗಿನ ಉಂಡೆ ಹೊರಬಿತ್ತು. ಫಿಲ್ಟರ್ ಕಟ್ಟಿದ್ದೂ ನಿಜ, ಪೈಪ್ ಮಡಚಿದ್ದೂ ನಿಜ. ಒಂದನ್ನು ಸರಿಪಡಿಸಿದ್ದಕ್ಕೆ ಅರ್ಧ ಗುಣ ಕಂಡಿತು, ಅದನ್ನೇ ಪೂರ್ತಿ ಎಂದುಕೊಂಡಿದ್ದರು.

ಬಲವಾಗಿ ಮಡಚಿ ಗೆರೆ ಬಿದ್ದ ಪೈಪನ್ನು ನೆಟ್ಟಗೆ ಮಾಡಿದರೂ ಅದು ಅದೇ ಜಾಗದಲ್ಲಿ ಮತ್ತೆ ಮಡಚಿಕೊಳ್ಳುತ್ತದೆ. ಅಲ್ಲಿ ಹೊಸ ಪೈಪ್ ಹಾಕಿಸಿದೆ. ಪಂಪ್ ಇವತ್ತಿಗೂ ಹಳೆಯದೇ. ಮೆಷಿನ್ನಿನ ಹಿಂದೆ ನಾಲ್ಕು ಬೆರಳಾದರೂ ಜಾಗ ಬಿಡಿ. ಸರಿಸುವಾಗ ಒಬ್ಬರೇ ಹೋಗಬೇಡಿ. ಅಲುಗಾಡದಿರಲಿ ಎಂದು ಒಳಗೆ ಕಾಂಕ್ರೀಟಿನ ತೂಕ ಕೂರಿಸಿರುತ್ತಾರೆ, ಒಟ್ಟು 60ರಿಂದ 70 ಕಿಲೋ ಇರುತ್ತದೆ.

5. ಬಕೆಟ್ ತುಂಬಿದರೆ ತಪ್ಪು ಗೋಡೆಯದು

ಬಕೆಟ್ಟಿಗೆ ನೀರು ರಭಸದಿಂದ ಬಿದ್ದು, ಗೋಡೆಗೆ ಸಿಕ್ಕಿಸಿದಾಗ ಮಾತ್ರ ನಿಂತರೆ ಮನೆಯ ಪೈಪೇ ಕಟ್ಟಿದೆ. ಪ್ಲಂಬರ್ ಕರೆಸಿ. ಪೈಪಿನ ತುದಿಯ ಎತ್ತರವನ್ನೂ ನೋಡಿ. ಸಾಮಾನ್ಯವಾಗಿ ಅದು ನೆಲದಿಂದ 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರಬೇಕು, ನಿಮ್ಮ ಮೆಷಿನ್ನಿನ ಪುಸ್ತಕದಲ್ಲಿ ಸರಿಯಾದ ಅಳತೆ ಇರುತ್ತದೆ. ಅದಕ್ಕೂ ಬಹಳ ಮೇಲೆ ಕಟ್ಟಿದರೆ ಆ ಸಣ್ಣ ಪಂಪಿಗೆ ನೀರೆತ್ತಲು ಶಕ್ತಿ ಸಾಲದು. ಬಾತ್‌ರೂಮಿನ ನೆಲಕ್ಕೆ ಬಿಟ್ಟರೆ ಉಲ್ಟಾ ತೊಂದರೆ, ನೀರು ತುಂಬುತ್ತಿರುವಾಗಲೇ ತಾನಾಗಿ ಹರಿದುಹೋಗುತ್ತದೆ. ಪೈಪ್ ಸಾಲದೆಂದು ಇನ್ನೊಂದನ್ನು ಜೋಡಿಸಿ ಉದ್ದ ಮಾಡಿದ ಕಡೆ ಜೋಡಣೆಯ ಜಾಗದಲ್ಲೇ ಜುಂಗು ಕಟ್ಟುವುದನ್ನು ಕಂಡಿದ್ದೇನೆ.

6. ನೊರೆಯೂ ನೀರನ್ನು ನಿಲ್ಲಿಸುತ್ತದೆ

ಫಿಲ್ಟರ್ ಶುದ್ಧ, ಪೈಪ್ ನೆಟ್ಟಗೆ, ಆದರೂ ನೀರು ಇಳಿಯದು, ಗಾಜಿನಾಚೆ ಬಿಳಿ ನೊರೆ ಕಾಣುತ್ತದೆ. ಕೈಯಲ್ಲಿ ಒಗೆಯುವ ಪುಡಿಯನ್ನು ಫ್ರಂಟ್ ಲೋಡಿಗೆ ಹಾಕಿದ ಮನೆಗಳಲ್ಲಿ ಹೀಗಾಗುತ್ತದೆ. ಪಂಪ್ ನೀರನ್ನು ದೂಡಬಲ್ಲದು, ಗಾಳಿ ತುಂಬಿದ ನೊರೆಯನ್ನಲ್ಲ. ಅರ್ಧ ಗಂಟೆ ಬಿಟ್ಟು ನೊರೆ ಇಳಿದ ಮೇಲೆ ಮತ್ತೆ ಡ್ರೈನ್ ಹಾಕಿ. ಮುಂದಿನ ಸಲದಿಂದ ಫ್ರಂಟ್ ಲೋಡಿಗೆಂದೇ ಇರುವ ಪುಡಿ ಅಥವಾ ಲಿಕ್ವಿಡ್ ಬಳಸಿ, ಅದೂ ಅಳತೆಯಲ್ಲಿ.

7. ಮುಚ್ಚುವಾಗ ಅವಸರ ಬೇಡ

ಫಿಲ್ಟರಿನ ರಬ್ಬರ್ ಬಳೆಯ ಮೇಲೆ ಒಂದು ಕೂದಲೆಳೆ ಉಳಿದರೂ ನೀರು ತೊಟ್ಟಿಕ್ಕುತ್ತದೆ. ಬಳೆಯನ್ನೂ ಅದು ಕೂರುವ ಜಾಗವನ್ನೂ ಒರೆಸಿ, ಮರೆ ಸರಿಯಾಗಿ ಕೂರಿಸಿ, ತಡೆಯುವ ತನಕ ಬಲಕ್ಕೆ ತಿರುಗಿಸಿ. ಓರೆಯಾಗಿ ಬಿಗಿದರೆ ಪ್ಲಾಸ್ಟಿಕ್ ಮರೆ ಸವೆದುಹೋಗುತ್ತದೆ. ಸಣ್ಣ ಪೈಪಿನ ಬಿರಡೆ ಹಾಕಿದ್ದೀರಾ ನೋಡಿ. ಸೋಪಿನ ಡಬ್ಬಿಯ ಮೂಲಕ ಎರಡು ಲೀಟರ್ ನೀರು ಸುರಿದು, ಫಿಲ್ಟರಿನ ಕೆಳಗೆ ಒಣ ಕಾಗದ ಹಾಸಿ, ಐದು ನಿಮಿಷ ಬಿಟ್ಟು ಕಾಗದ ಮುಟ್ಟಿ ನೋಡಿ. ಒಣಗಿದ್ದರೆ ಪ್ಲಗ್ ಹಾಕಿ ಒಮ್ಮೆ ಡ್ರೈನ್ ಓಡಿಸಿ. ಮುಂದೆ ಎಂದಾದರೂ ಫಿಲ್ಟರ್ ತೆಗೆದಾಗ ಒಂದು ಲೋಟದಷ್ಟು ನೀರು ಬಂದರೆ ಗಾಬರಿ ಬೇಡ, ಅಷ್ಟು ನೀರು ಆ ಗೂಡಿನಲ್ಲಿ ಯಾವಾಗಲೂ ಉಳಿಯುತ್ತದೆ.

ಇಷ್ಟಾದ ಮೇಲೂ ಪಂಪ್ ಸದ್ದೇ ಮಾಡದಿದ್ದರೆ, ಸುಟ್ಟ ವಾಸನೆ ಬಂದರೆ, ಮೆಷಿನ್ನಿನ ಅಡಿಯಿಂದ ನೀರು ಸೋರಿದರೆ ರಿಪೇರಿಯವರನ್ನು ಕರೆಯಿರಿ. ಬಂದವರು ನೋಡಿದ ಕೂಡಲೇ ಪಂಪ್ ಬದಲಿಸಬೇಕೆಂದರೆ, ಮೊದಲು ಬಕೆಟ್ ಪರೀಕ್ಷೆ ಮಾಡಿ ತೋರಿಸಲು ಹೇಳಿ. ಕೆಲಸ ಬಲ್ಲವರು ಅದಕ್ಕೆ ಬೇಸರ ಪಡುವುದಿಲ್ಲ.