ಹಳದಿ ಎಲ್ಲಿಂದ ಆರಂಭವಾಯಿತು? ಕೃಷಿ ಡಿಪ್ಲೊಮಾ ಪ್ರಾಯೋಗಿಕ ಪರೀಕ್ಷೆಯ ಒಂದು ಕ್ಷೇತ್ರವೀಕ್ಷಣಾ ಪ್ರಶ್ನೆ

ಆಂಧ್ರಪ್ರದೇಶದ ಕೃಷಿ ಪಾಲಿಟೆಕ್ನಿಕ್‌ಗಳಲ್ಲಿ ಹತ್ತನೆಯ ತರಗತಿಯ ಅನಂತರ ಎರಡು ವರ್ಷಗಳ ಡಿಪ್ಲೊಮಾ ವ್ಯಾಸಂಗಕ್ಕೆ ಅವಕಾಶವಿದೆ. ಆದವಾನಿ, ರಾಯದುರ್ಗ, ಮಡಕಶಿರಾ ಭಾಗದ ಕನ್ನಡ ಶಾಲೆಗಳ ಮಕ್ಕಳಿಗೆ ಶೇಂಗಾ ಹೊಲ ಹೊಸದಲ್ಲ. ಆದರೆ ಕಂಡದ್ದನ್ನು ಬರೆಯುವುದು ಬೇರೆ, ಕಂಡದ್ದರಿಂದ ಊಹಿಸಿದ್ದನ್ನು ಬರೆಯುವುದು ಬೇರೆ. ಹೊಲದಲ್ಲಿ ನಿಂತು ಉತ್ತರಿಸುವ ಪ್ರಶ್ನೆಯಲ್ಲಿ ಅಂಕಗಳು ಕೈತಪ್ಪುವುದು ಬಹುಮಟ್ಟಿಗೆ ಈ ವ್ಯತ್ಯಾಸವನ್ನು ಮರೆತಾಗ. ಇಲ್ಲಿ ಅಂಥ ಒಂದು ಮಾದರಿ ಪ್ರಶ್ನೆಯನ್ನು ವಿವರಿಸಲಾಗಿದೆ.

ಮಾದರಿ ಪ್ರಶ್ನೆ (20 ಅಂಕಗಳು)

ಕಪ್ಪು ಮಣ್ಣಿನ ಈ ಶೇಂಗಾ ತಾಕಿನಲ್ಲಿ ಕೆಲವು ಗಿಡಗಳು ಹಳದಿಯಾಗಿವೆ. ತಾಕನ್ನು ವೀಕ್ಷಿಸಿ, ಕಾರಣವನ್ನು ಆಧಾರಸಹಿತ ನಿರ್ಣಯಿಸಿರಿ.

ಅಂಕಗಳ ಹಂಚಿಕೆ: ಸ್ಥಳಗಳ ಆಯ್ಕೆ ಮತ್ತು ಎಣಿಕೆ 4, ಎಲೆಗಳ ವೀಕ್ಷಣೆ 6, ಮಣ್ಣಿನ ಪರೀಕ್ಷೆ 4, ತೀರ್ಮಾನ 3, ದೃಢೀಕರಣದ ಕ್ರಮ 3.

ಉತ್ತರದ ಹಂತಗಳು

ವಿದ್ಯಾರ್ಥಿಯು ಬದುವಿನ ಅಂಚನ್ನು ಬಿಟ್ಟು, ತಾಕಿನೊಳಗೆ ಅಂಕುಡೊಂಕಾಗಿ ನಡೆದು ಐದು ಸ್ಥಳಗಳನ್ನು ಆರಿಸಬೇಕು. ಪ್ರತಿ ಸ್ಥಳದಲ್ಲಿ ಸಾಲಿನ ಹತ್ತು ಗಿಡಗಳನ್ನು ಎಣಿಸಬೇಕು. ಹಳದಿ ಗಿಡಗಳಿರುವ ಕಡೆಗೇ ನಡೆದರೆ ಎಣಿಕೆ ಇಡೀ ಹೊಲದ ಸ್ಥಿತಿಯನ್ನು ಹೇಳುವುದಿಲ್ಲ. ಒಬ್ಬ ವಿದ್ಯಾರ್ಥಿಯ ದಾಖಲೆ ಹೀಗಿದೆ ಎಂದು ಭಾವಿಸೋಣ: ಮೇಲ್ಭಾಗದ ಮೂರು ಸ್ಥಳಗಳ 30 ಗಿಡಗಳಲ್ಲಿ 4, ನೀರು ನಿಲ್ಲುವ ತಗ್ಗಿನ ಎರಡು ಸ್ಥಳಗಳ 20 ಗಿಡಗಳಲ್ಲಿ 14 ಹಳದಿಯಾಗಿವೆ. ಒಟ್ಟು 50ರಲ್ಲಿ 18, ಅಂದರೆ ಶೇಕಡ 36. ಆದರೆ ಹೊಲದ ನಿಜಸ್ಥಿತಿ ತಿಳಿಯುವುದು ಈ ಒಟ್ಟು ಸಂಖ್ಯೆಯಿಂದಲ್ಲ. ತಗ್ಗಿನಲ್ಲಿ ಹಳದಿ ದಟ್ಟವಾಗಿದೆ ಎಂಬುದರಿಂದ. ಸ್ಥಳವಾರು ಸಂಖ್ಯೆಯನ್ನು ಬರೆಯದೆ ಶೇಕಡಾವಾರು ಮಾತ್ರ ಬರೆದವರಿಗೆ ನಾಲ್ಕರಲ್ಲಿ ಎರಡು ಅಂಕ ಸಾಕು.

ಮುಂದಿನದು ಎಲೆ. ಹಳದಿ ಬಣ್ಣ ಕೆಳಗಿನ ಹಳೆಯ ಎಲೆಗಳಲ್ಲಿ ಆರಂಭವಾಗಿದೆಯೋ, ತುದಿಯ ಎಳೆಯ ಎಲೆಗಳಲ್ಲೋ? ನರಗಳೂ ಹಳದಿಯಾಗಿವೆಯೋ, ಹಸಿರಾಗಿಯೇ ಉಳಿದಿವೆಯೋ? ಸಾರಜನಕವು ಗಿಡದೊಳಗೆ ಸುಲಭವಾಗಿ ಚಲಿಸುತ್ತದೆ. ಕೊರತೆಯಾದಾಗ ಹಳೆಯ ಎಲೆಯಿಂದ ಚಿಗುರಿಗೆ ಸಾಗುವುದರಿಂದ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣವು ಹಾಗೆ ಚಲಿಸುವುದಿಲ್ಲ. ಆದ್ದರಿಂದ ಅದರ ಕೊರತೆ ಎಳೆಯ ಎಲೆಯಲ್ಲಿ ಮೊದಲು ಕಾಣುತ್ತದೆ. ಆರಂಭದಲ್ಲಿ ನರಗಳು ಹಸಿರಾಗಿದ್ದು ನಡುವಿನ ಭಾಗ ಮಾತ್ರ ಹಳದಿಯಾಗುತ್ತದೆ. ಗಂಧಕದ ಕೊರತೆಯೂ ಎಳೆಯ ಎಲೆಯಲ್ಲೇ ಕಾಣುವುದಾದರೂ ಅಲ್ಲಿ ನರಗಳ ಸಹಿತ ಇಡೀ ಎಲೆ ಮಂಕಾಗುತ್ತದೆ. ಆದಕಾರಣ “ಎಲೆ ಹಳದಿಯಾಗಿದೆ” ಎಂಬ ವಾಕ್ಯಕ್ಕೆ ಒಂದೇ ಅಂಕ. ಎಲೆಯ ವಯಸ್ಸಿಗೆ ಮೂರು, ನರಗಳ ಬಣ್ಣಕ್ಕೆ ಎರಡು.

ಬಳಿಕ ತಗ್ಗಿನ ಮಣ್ಣಿನ ಹೆಂಟೆಯ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿಗಳನ್ನು ಹಾಕಬೇಕು. ನೊರೆ ಎದ್ದರೆ ಮಣ್ಣಿನಲ್ಲಿ ಸುಣ್ಣದ ಕಾರ್ಬೊನೇಟ್ ಇದೆ. ಇಂಥ ಕ್ಷಾರೀಯ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಕರಗದ ರೂಪದಲ್ಲಿರುವುದರಿಂದ ಬೇರಿಗೆ ಸಾಕಷ್ಟು ದೊರೆಯುವುದಿಲ್ಲ. ನೀರು ನಿಂತಲ್ಲಿ ತೊಂದರೆ ಹೆಚ್ಚುತ್ತದೆ. ಆದರೆ ನೊರೆಯು ಸುಣ್ಣವಿರುವುದನ್ನು ತೋರಿಸುತ್ತದೆಯೇ ಹೊರತು ಕಬ್ಬಿಣದ ಕೊರತೆಯನ್ನಲ್ಲ. ಎಲೆಯ ಲಕ್ಷಣ, ತಗ್ಗಿನ ಎಣಿಕೆ, ನೊರೆ ಈ ಮೂರನ್ನೂ ಜೋಡಿಸಿ “ಕಬ್ಬಿಣದ ಕೊರತೆ ಇರುವ ಸಂಭವ ಹೆಚ್ಚು” ಎಂದು ಬರೆದ ಉತ್ತರಕ್ಕೆ ತೀರ್ಮಾನದ ಪೂರ್ಣಾಂಕ ಸಲ್ಲುತ್ತದೆ. ಆಧಾರವಿಲ್ಲದೆ ಸರಿಯಾದ ಹೆಸರನ್ನಷ್ಟೇ ಬರೆದರೆ ಒಂದು ಅಂಕ.

ದೃಢೀಕರಣವು ಪರೀಕ್ಷೆಯ ಅವಧಿಯಲ್ಲಿ ಮುಗಿಯುವಂಥದ್ದಲ್ಲ. ಕ್ರಮವನ್ನು ಬರೆದರೆ ಸಾಕು. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಒಂದು ಸಾಲಿಗೆ ಸಂಜೆಯ ಹೊತ್ತು ಸಿಂಪಡಿಸಿ, ಪಕ್ಕದ ಸಾಲನ್ನು ಹಾಗೆಯೇ ಬಿಡಬೇಕು. ಕೆಲವು ದಿನಗಳಲ್ಲಿ ಸಿಂಪಡಿಸಿದ ಸಾಲು ಮಾತ್ರ ಹಸಿರಾದರೆ ತೀರ್ಮಾನ ಗಟ್ಟಿಯಾಗುತ್ತದೆ. ಪಕ್ಕದ ಸಾಲನ್ನು ಬಿಡುವುದನ್ನು ಬರೆಯದ ಉತ್ತರಕ್ಕೆ ಒಂದು ಅಂಕ ಕಡಿಮೆ.

ಇದೇ ಹೊಲವನ್ನು ನೋಡಿ “ಸಾರಜನಕದ ಕೊರತೆ” ಎಂದು ಆತುರದಲ್ಲಿ ಬರೆದ ವಿದ್ಯಾರ್ಥಿ ಮುಂದೆ ರೈತನಿಗೆ ಯೂರಿಯಾ ಹಾಕಲು ಹೇಳುತ್ತಾನೆ. ಹಣ ವ್ಯಯವಾಗುತ್ತದೆ, ಹಳದಿ ಹಾಗೆಯೇ ಉಳಿಯುತ್ತದೆ.

ಶಿಕ್ಷಕರಿಗೆ

ಪರೀಕ್ಷಕರು ಮುಂಚಿತವಾಗಿ ಅದೇ ತಾಕಿನಲ್ಲಿ ನಡೆದು ತಮ್ಮ ಎಣಿಕೆಯನ್ನು ಬರೆದಿಟ್ಟುಕೊಳ್ಳುವುದು ಅಗತ್ಯ, ಅದೇ ಉತ್ತರಸೂಚಿ. ಪ್ರೌಢಶಾಲೆಯ ಹಂತದಲ್ಲಿ ಆಮ್ಲವಿಲ್ಲದೆಯೂ ಅಭ್ಯಾಸ ಮಾಡಿಸಬಹುದು. ಶಾಲೆಯ ಸಮೀಪದ ಯಾವುದಾದರೂ ಹಳದಿ ಗಿಡದ ಮುಂದೆ ಮಕ್ಕಳನ್ನು ನಿಲ್ಲಿಸಿ, ಪುಟದ ಎಡಭಾಗದಲ್ಲಿ “ಕಂಡದ್ದು”, ಬಲಭಾಗದಲ್ಲಿ “ಊಹಿಸಿದ್ದು” ಎಂದು ಬರೆಯಿಸಬೇಕು. ಎಡಭಾಗದಲ್ಲಿ “ಕೊರತೆ” ಎಂಬ ಪದ ಕಂಡುಬಂದರೆ ಅದನ್ನು ಬಲಕ್ಕೆ ಸರಿಸುವಂತೆ ಹೇಳುವುದೇ ಮೊದಲ ತಿದ್ದುಪಡಿ.