ಮೊತ್ತ ನೂರು ಬಂದರಷ್ಟೇ ಸಾಲದು

ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂದು ನಿರ್ಧರಿಸುವ ಅಂಕಪಟ್ಟಿ ನಿಮ್ಮ ಕೈಗೆ ಬಂದರೆ, ಮೊದಲು ತೂಕಗಳನ್ನು ಕೂಡಿ ನೋಡುತ್ತೀರಿ. ಒಟ್ಟು 100 ಬಂದೊಡನೆ ಸಹಿ ಹಾಕಬೇಡಿ. ತಪ್ಪು ಅಡಗುವುದು ಅದರಾಚೆಗೆ.

ಶಿಕ್ಷಕರ ಹುದ್ದೆಯೊಂದಕ್ಕೆ ವಿದ್ಯಾರ್ಹತೆ 40, ಅನುಭವ 30, ಪಾಠದ ಮಾದರಿ 20, ಭಾಷೆ 10 ಎಂದು ಪ್ರಕಟಿಸಿದ್ದೀರಿ ಎನ್ನೋಣ. ಪ್ರತಿ ಅಂಶಕ್ಕೂ ಹತ್ತರಲ್ಲಿ ಅಂಕ. ಅಭ್ಯರ್ಥಿಯೊಬ್ಬರಿಗೆ ಕ್ರಮವಾಗಿ 9, 5, 6, 9 ಬಂದಿದೆ, ಒಟ್ಟು 72. ಹಾಳೆಯಲ್ಲಿ ಮೊದಲೆರಡು ತೂಕ ಅದಲುಬದಲಾಗಿದ್ದರೆ ಅದೇ ಅಭ್ಯರ್ಥಿಗೆ 68. ಕನಿಷ್ಠ ಅಂಕ 70 ಆಗಿದ್ದರೆ ಅರ್ಹರೊಬ್ಬರು ಹೊರಗುಳಿಯುತ್ತಾರೆ, ತೂಕಗಳ ಮೊತ್ತ ಮಾತ್ರ 100 ಎಂದೇ ತೋರಿಸುತ್ತಿರುತ್ತದೆ! ಎಲ್ಲದರಲ್ಲೂ ಹತ್ತು ಪಡೆದ ಕಾಲ್ಪನಿಕ ಅಭ್ಯರ್ಥಿಯನ್ನು ಹಾಕಿದರೂ ಈ ತಪ್ಪು ಸಿಗದು.

ಹಾಗಾಗಿ ಪರೀಕ್ಷೆಗೆಂದು ನಾಲ್ಕು ಸಾಲು ಸೇರಿಸಿ: ಒಂದೊಂದರಲ್ಲಿ ಒಂದೇ ಅಂಶಕ್ಕೆ 10, ಉಳಿದವಕ್ಕೆ 0. ಉತ್ತರ 40, 30, 20, 10 ಎಂದೇ ಬರಬೇಕು. ಪ್ರಕಟಣೆಯ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡೇ ಹೋಲಿಸಿ.

ಸೂತ್ರವನ್ನೂ ನೋಡಿ. ತೂಕಗಳು ಎರಡನೇ ಸಾಲಿನಲ್ಲಿದ್ದರೆ, ಐದನೇ ಸಾಲಿನ ಅಭ್ಯರ್ಥಿಗೆ ಹೀಗಿರಬೇಕು:

```
=SUMPRODUCT($B$2:$E$2,B5:E5)/10
```

ಡಾಲರ್ ಚಿಹ್ನೆ ಬಿಟ್ಟರೆ ಕೆಳಕ್ಕೆ ಎಳೆದಾಗ ತೂಕದ ಸಾಲೂ ಜಾರುತ್ತದೆ. ಮೊದಲ ಅಭ್ಯರ್ಥಿಯ ಲೆಕ್ಕ ಸರಿಯಿರುತ್ತದೆ. ಆದ್ದರಿಂದ ಕೊನೆಯ ಅಭ್ಯರ್ಥಿಯದನ್ನು ಕೈಯಾರೆ ಲೆಕ್ಕಹಾಕಿ.