ಡ್ರಿಲ್ ಪೆಟ್ಟಿಗೆಯ ಮೇಲಿನ ಅಂಕಿಗಳು

ಮಕ್ಕಳೇ, ನಿಮ್ಮ ತರಗತಿಯ ಇಟ್ಟಿಗೆ ಗೋಡೆಯ ಮೇಲೆ ಭೂಪಟವೊಂದನ್ನು ತೂಗುಹಾಕಬೇಕಾಗಿದೆ ಎಂದುಕೊಳ್ಳಿ. ಮೊಳೆ ಹೊಡೆದರೆ ಗಾರೆ ಉದುರುತ್ತದೆ, ಮೊಳೆಯೂ ಕೆಲವೇ ದಿನಗಳಲ್ಲಿ ಸಡಿಲವಾಗುತ್ತದೆ. ಅದಕ್ಕೆ ಬದಲಾಗಿ 6 ಮಿ.ಮೀ. ಅಗಲದ ರಂಧ್ರ ಕೊರೆದು, ಅದರೊಳಗೆ ರಾಲ್ ಪ್ಲಗ್ ಎಂಬ ಪ್ಲಾಸ್ಟಿಕ್ ಬಿರಡೆ ಇಟ್ಟು ಸ್ಕ್ರೂ ತಿರುಗಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಇದಕ್ಕೆ ಯಾವ ಡ್ರಿಲ್ ಬೇಕು? ಹಾರ್ಡ್‌ವೇರ್ ಅಂಗಡಿಯ ಪಟ್ಟಿಗಳಲ್ಲಿ ಕಾಣುವಂಥ ಮೂರು ಬಗೆಗಳನ್ನು ಇಲ್ಲಿ ಕೊಟ್ಟಿದೆ. ಓದಿ ನೋಡಿ.

1. ಕೈ ಡ್ರಿಲ್. ಚಕ್ 6 ಮಿ.ಮೀ. ಬಿಟ್‌ಗಳನ್ನು ಬೇರೆ ಕೊಳ್ಳಬೇಕು. ಮರ ಮತ್ತು ತೆಳು ತಗಡಿಗೆ.

2. ವಿದ್ಯುತ್ ಡ್ರಿಲ್. ಚಕ್ 10 ಮಿ.ಮೀ. 450 ವ್ಯಾಟ್. ನಿಮಿಷಕ್ಕೆ 2,600 ಸುತ್ತು. ಉಕ್ಕಿನಲ್ಲಿ 10 ಮಿ.ಮೀ., ಮರದಲ್ಲಿ 20 ಮಿ.ಮೀ. ಬಿಟ್‌ಗಳನ್ನು ಬೇರೆ ಕೊಳ್ಳಬೇಕು.

3. ಇಂಪ್ಯಾಕ್ಟ್ ಡ್ರಿಲ್. ಚಕ್ 13 ಮಿ.ಮೀ. 600 ವ್ಯಾಟ್. ನಿಮಿಷಕ್ಕೆ 2,800 ಸುತ್ತು, 44,800 ಬಡಿತ. ಉಕ್ಕಿನಲ್ಲಿ 13, ಕಾಂಕ್ರೀಟ್‌ನಲ್ಲಿ 13, ಮರದಲ್ಲಿ 25 ಮಿ.ಮೀ. ಜೊತೆಗೆ ಗೋಡೆಯ ಬಿಟ್ 4, ಲೋಹದ ಬಿಟ್ 4.

ಎರಡನೆಯದನ್ನು ಮತ್ತೊಮ್ಮೆ ಗಮನಿಸಿ. ಚಕ್ 10 ಮಿ.ಮೀ., ಆದರೆ ಮರದಲ್ಲಿ 20 ಮಿ.ಮೀ. ರಂಧ್ರ! ಇದು ಅಚ್ಚಿನ ತಪ್ಪೇ? ಅಲ್ಲ. ಡ್ರಿಲ್‌ನ ಮುಂಭಾಗದಲ್ಲಿ ಬಿಟ್ಟನ್ನು ಹಿಡಿಯುವ ಭಾಗವೇ ಚಕ್. ಅದರೊಳಗೆ ಮೂರು ದವಡೆಗಳಿವೆ. ಚಕ್ಕಿನ ಕೀಲಿ ತಿರುಗಿಸಿದಾಗ ಅವು ಮೂರೂ ಒಟ್ಟಿಗೆ ಒಳಸರಿದು ಬಿಟ್ಟಿನ ಹಿಡಿಯನ್ನು ಕಚ್ಚುತ್ತವೆ. 10 ಮಿ.ಮೀ. ಎಂದರೆ ಆ ದವಡೆಗಳ ನಡುವೆ ಹಿಡಿಸುವ ಅತಿ ದಪ್ಪ ಹಿಡಿ. ರಂಧ್ರದ ಅಗಲ ತೀರ್ಮಾನವಾಗುವುದು ಬಿಟ್ಟಿನ ತುದಿಯಿಂದ. ಮರಕ್ಕೆ ಬಳಸುವ ಚಪ್ಪಟೆ ಬಿಟ್ಟಿನ ಹಿಡಿ ತೆಳ್ಳಗೆ, ತುದಿ ಸಲಿಕೆಯಂತೆ ಅಗಲ. ಆದ್ದರಿಂದ ಸಣ್ಣ ಚಕ್ಕಿನಿಂದಲೂ ದೊಡ್ಡ ರಂಧ್ರ ಕೊರೆಯಬಹುದು.

ಹಾಗಾದರೆ ಅದೇ ಡ್ರಿಲ್ ಉಕ್ಕಿನಲ್ಲಿ ಏಕೆ 10 ಮಿ.ಮೀ.ಗೇ ನಿಲ್ಲುತ್ತದೆ? ವೃತ್ತದ ವಿಸ್ತೀರ್ಣದ ಸೂತ್ರ ನಿಮಗೆ ಗೊತ್ತಿದ್ದರೆ ಲೆಕ್ಕ ಮಾಡಿ. 10 ಮಿ.ಮೀ. ರಂಧ್ರದ ತ್ರಿಜ್ಯ 5 ಮಿ.ಮೀ. ವಿಸ್ತೀರ್ಣ 3.14 × 5 × 5 = 78.5 ಚದರ ಮಿ.ಮೀ. 20 ಮಿ.ಮೀ. ರಂಧ್ರದ್ದು 3.14 × 10 × 10 = 314 ಚದರ ಮಿ.ಮೀ. ಅಗಲ ಎರಡರಷ್ಟಾದರೆ ತೆಗೆಯಬೇಕಾದ ಪದಾರ್ಥ ನಾಲ್ಕರಷ್ಟು. ಮೆತ್ತನೆಯ ಮರವಾದರೆ ಮೋಟಾರು ಇದನ್ನು ತಾಳಿಕೊಳ್ಳುತ್ತದೆ. ಉಕ್ಕಾದರೆ ತಿಣುಕುತ್ತದೆ.

ತಿಣುಕುವ ಮೋಟಾರಿಗೆ ಏನಾಗುತ್ತದೆ ಎಂಬುದನ್ನು ತಿಳಿಯಲು ವ್ಯಾಟ್ ಎಂಬ ಅಂಕಿಯನ್ನು ನೋಡಬೇಕು. ವಿದ್ಯುತ್ ಡ್ರಿಲ್‌ಗಳ ಮೇಲೆ ಸಾಮಾನ್ಯವಾಗಿ ಬರೆದಿರುವ ವ್ಯಾಟ್, ಡ್ರಿಲ್ ಎಳೆದುಕೊಳ್ಳುವ ವಿದ್ಯುತ್ತಿನ ಅಳತೆ. ಅದೆಲ್ಲವೂ ಬಿಟ್ಟಿನ ತುದಿಗೆ ತಲಪುವುದಿಲ್ಲ. ಒಂದು ಪಾಲು ಶಾಖವಾಗುತ್ತದೆ. ಆ ಶಾಖವನ್ನು ಹೊರಗೆ ತಳ್ಳಲು ಮೋಟಾರಿನ ದಂಡಕ್ಕೇ ಒಂದು ಪುಟ್ಟ ಫ್ಯಾನು ಕೂರಿಸಿರುತ್ತಾರೆ. ಡ್ರಿಲ್ಲನ್ನು ಜೋರಾಗಿ ಒತ್ತಿದರೆ ಮೋಟಾರು ನಿಧಾನವಾಗುತ್ತದೆ, ಜೊತೆಗೆ ಫ್ಯಾನೂ ನಿಧಾನವಾಗುತ್ತದೆ. ಆದರೆ ಎಳೆಯುವ ವಿದ್ಯುತ್ ಹೆಚ್ಚುತ್ತದೆ. ಶಾಖ ಹೆಚ್ಚು, ಗಾಳಿ ಕಡಿಮೆ! ಡ್ರಿಲ್ಲಿನ ಸದ್ದು ದಪ್ಪವಾಗಿ, ಸುಟ್ಟ ವಾಸನೆ ಬಂತೆಂದರೆ ತಕ್ಷಣ ನಿಲ್ಲಿಸಬೇಕು. ಪಟ್ಟಿಯಲ್ಲಿರುವ 2,600 ಸುತ್ತು ಯಾವ ಕೆಲಸವನ್ನೂ ಮಾಡದೆ ಬರಿದೇ ತಿರುಗುವಾಗಿನ ವೇಗ ಎಂಬುದೂ ನೆನಪಿರಲಿ.

ಈಗ ನಮ್ಮ ಗೋಡೆಗೆ ಬರೋಣ. 6 ಮಿ.ಮೀ. ಬಿಟ್ಟನ್ನು ಮೂರೂ ಚಕ್ಕುಗಳು ಹಿಡಿಯುತ್ತವೆ. ಆದರೂ ಮೊದಲ ಎರಡನ್ನು ಬಿಡಬೇಕು. ಇಟ್ಟಿಗೆ, ಗಾರೆಗಳು ಮರದಂತೆ ಸುರುಳಿಯಾಗಿ ಕತ್ತರಿಸಿ ಬರುವುದಿಲ್ಲ. ಅವನ್ನು ಕುಟ್ಟಿ ಪುಡಿಮಾಡಬೇಕು. ಮೂರನೆಯ ಡ್ರಿಲ್ಲಿನೊಳಗೆ ಏಣುಗಳಿರುವ ಎರಡು ಬಿಲ್ಲೆಗಳು ಒಂದಕ್ಕೊಂದು ಮುಖಮಾಡಿವೆ. ತಿರುಗುವ ಬಿಲ್ಲೆಯ ಏಣುಗಳು ಇನ್ನೊಂದರ ಏಣುಗಳನ್ನು ಹತ್ತಿ ಇಳಿದಾಗಲೆಲ್ಲ ಬಿಟ್ಟು ಸ್ವಲ್ಪ ಮುಂದೆ ಜಿಗಿದು ಗೋಡೆಯನ್ನು ಕುಟ್ಟುತ್ತದೆ. ಒಂದು ಸುತ್ತಿಗೆ ಎಷ್ಟು ಬಡಿತ? 44,800 ÷ 2,800 = 16. ಹಾರ್ಡ್‌ವೇರ್ ಪಟ್ಟಿಯಲ್ಲಿ ನನಗೆ ಅತಿ ಇಷ್ಟವಾದ ಲೆಕ್ಕ ಇದು. ಪೆಟ್ಟಿಗೆ ಬಿಚ್ಚದೆಯೇ ಒಳಗಿನ ರಚನೆಯ ಸುಳಿವು ಸಿಗುತ್ತದೆ! ಮರ, ಲೋಹಗಳಿಗೆ ಮಾತ್ರ ಈ ಬಡಿತದ ಗುಂಡಿಯನ್ನು ಬಂದ್ ಮಾಡಬೇಕು.

ಇನ್ನು ಬಿಟ್ಟು. ಒಮ್ಮೆ ಶಾಲೆಯೊಂದರಲ್ಲಿ ನಾನು ಆತುರದಲ್ಲಿ ಪೆಟ್ಟಿಗೆಯಿಂದ 6 ಮಿ.ಮೀ. ಬಿಟ್ ತೆಗೆದು ಗೋಡೆಗೆ ಹಿಡಿದೆ. ಅಳತೆ ಸರಿಯಾಗಿಯೇ ಇತ್ತು. ಆದರೆ ಡ್ರಿಲ್ ಕಿರುಚಿತೇ ಹೊರತು ರಂಧ್ರ ಮುಂದೆ ಹೋಗಲಿಲ್ಲ. ತೆಗೆದು ನೋಡಿದರೆ ಬಿಟ್ಟಿನ ಚೂಪು ಅಂಚು ಸವೆದು ದುಂಡಗಾಗಿತ್ತು. ಅದು ಲೋಹದ ಬಿಟ್! ಗಾರೆಯಲ್ಲಿರುವ ಮರಳಿನ ಸ್ಫಟಿಕದ ಕಣಗಳು ಅದನ್ನು ಉಜ್ಜುಕಾಗದದಂತೆ ತಿಂದುಹಾಕಿದ್ದವು. ಗೋಡೆಯ ಬಿಟ್ಟಿನ ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಬಹಳ ಗಡಸಾದ ಪದಾರ್ಥದ ಚೂರನ್ನು ಬೆಸೆದಿರುತ್ತಾರೆ. ಗಡಸುತನದ ಮೋಸ್ ಅಳತೆಯಲ್ಲಿ ವಜ್ರ 10, ಸ್ಫಟಿಕ 7, ಈ ಕಾರ್ಬೈಡ್ ಸುಮಾರು 9. ಗುರುತಿಸುವುದು ಸುಲಭ. ತುದಿಯ ಚೂರು ಬಿಟ್ಟಿನ ಮೈಗಿಂತ ತುಸು ಅಗಲವಾಗಿ ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ಲೋಹದ ಬಿಟ್ಟಿನಲ್ಲಿ ಅಂಥ ಬೇರೆ ಚೂರಿಲ್ಲ, ಅಂಚು ಚೂಪಾಗಿರುತ್ತದೆ. ಮರದ ಬಿಟ್ಟಿನ ನಟ್ಟನಡುವೆ ಸಾಮಾನ್ಯವಾಗಿ ಮುಳ್ಳಿನಂಥ ಮೊನೆಯಿರುತ್ತದೆ.

ಡ್ರಿಲ್ ಹಿಡಿಯುವವರು ದೊಡ್ಡವರೇ ಆಗಿರಬೇಕು. ಅವರ ಕಣ್ಣಿಗೆ ಕನ್ನಡಕ ಬೇಕು, ಕೈಗೆ ಸಡಿಲ ತೋಳಿನ ಅಂಗಿ ಬೇಡ. ಬಿಟ್ ಹಾಕುವ ಮೊದಲು ಪ್ಲಗ್ ಕಿತ್ತಿರಬೇಕು. ಕೀಲಿಯನ್ನು ಚಕ್ಕಿನಲ್ಲೇ ಮರೆತು ಗುಂಡಿ ಒತ್ತಿದರೆ ಅದು ಕಲ್ಲಿನಂತೆ ಸಿಡಿಯುತ್ತದೆ. ಬಿರಡೆ 40 ಮಿ.ಮೀ. ಉದ್ದವಿದ್ದರೆ ಬಿಟ್ಟಿನ ತುದಿಯಿಂದ 45 ಮಿ.ಮೀ. ಅಳೆದು ಅಲ್ಲಿ ಟೇಪು ಸುತ್ತಬೇಕು. ಟೇಪು ಗೋಡೆ ಮುಟ್ಟಿದಾಗ ಆಳ ಸಾಕು. ಉಳಿದ 5 ಮಿ.ಮೀ. ಪುಡಿ ಕೂರುವುದಕ್ಕೆ. ದೂರ ನಿಂತ ನೀವು ಆ ಪುಡಿಯನ್ನು ಗಮನಿಸಿ. ಮೊದಲು ಬೂದು ಬಣ್ಣ ಬಂದರೆ ಗಾರೆ, ನಂತರ ಕೆಂಪು ಬಂದರೆ ಇಟ್ಟಿಗೆ. 45 ಮಿ.ಮೀ.ವರೆಗೂ ಬೂದು ಬಣ್ಣವೇ ಬಂದರೆ ಬಿಟ್ಟು ಎರಡು ಇಟ್ಟಿಗೆಗಳ ನಡುವಿನ ಸಂದಿಗೆ ಹೊಕ್ಕಿರಬಹುದು. ಸಂದಿಯ ಗಾರೆ ಪುಡಿಪುಡಿಯಾಗಿದ್ದರೆ ಬಿರಡೆ ನಿಲ್ಲದು, ರಂಧ್ರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ ಅಥವಾ ಕೆಳಗೆ ಮಾತ್ರ ಕೊರೆಯಲೇಬಾರದು, ಗೋಡೆಯೊಳಗೆ ತಂತಿ ಇರಬಹುದು.

ಮಾಡಿ ನೋಡಿ: ಕೈ ಡ್ರಿಲ್‌ಗೆ ವ್ಯಾಟ್ ಇಲ್ಲ, ಅದರ ಮೋಟಾರು ನಿಮ್ಮ ತೋಳೇ. ನಿಮ್ಮೂರಿನ ಬಡಗಿಯವರಲ್ಲಿ ಇದ್ದರೆ ಕೇಳಿ, ಬಿಟ್ ಹಾಕದೆ ಹಿಡಿದು ನೋಡಿ. ದೊಡ್ಡ ಹಲ್ಲುಚಕ್ರದ ಹಲ್ಲುಗಳನ್ನೂ ಸಣ್ಣ ಚಕ್ರದ ಹಲ್ಲುಗಳನ್ನೂ ಎಣಿಸಿ. ದೊಡ್ಡದರಲ್ಲಿ 60, ಸಣ್ಣದರಲ್ಲಿ 15 ಇದ್ದರೆ ಹಿಡಿಯ ಒಂದು ಸುತ್ತಿಗೆ ಚಕ್ 4 ಸುತ್ತು ತಿರುಗುತ್ತದೆ. ಚಕ್ಕಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಹಿಡಿಯನ್ನು ನಿಧಾನವಾಗಿ ಒಂದೇ ಸುತ್ತು ತಿರುಗಿಸಿ. ನಿಮ್ಮ ಲೆಕ್ಕವೂ ಗುರುತು ತಿರುಗಿದ ಸುತ್ತುಗಳೂ ಹೊಂದುತ್ತವೆಯೇ ನೋಡಿ.